ಒಂದೇ 5W-30, ಮೂರು ಬೇರೆ ಆಯಿಲ್

ಬಿಎಸ್6 ಡೀಸೆಲ್ ಕಾರೊಂದರ ಕೈಪಿಡಿಯ ಕೊನೆಯ ಪುಟಗಳಲ್ಲಿ, ಟೈರಿನ ಗಾಳಿಯ ಒತ್ತಡ, ಬಲ್ಬುಗಳ ವ್ಯಾಟ್ ಇತ್ಯಾದಿ ವಿವರಗಳ ನಡುವೆ, ಎಂಜಿನ್ ಆಯಿಲ್ ಬಗ್ಗೆ ಒಂದೇ ಸಾಲು ಇರುತ್ತದೆ: SAE 5W-30, ACEA C3. ಆ ಕಾರಿನ ಮಾಲೀಕರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೋ 'ಡೀಸೆಲ್ ಗಾಡಿಗೆ 5W-30 ಕೊಡಿ' ಎಂದು ಕೇಳಿದರೆ ಅರ್ಧ ಸಾಲನ್ನಷ್ಟೇ ಓದಿ ಹೇಳಿದಂತಾಯಿತು. ಎಂಜಿನ್ನಿಗೆ ಯಾವ ಆಯಿಲ್ ಹೊಂದುತ್ತದೆ ಎಂಬುದನ್ನು ಈ ಕಾರಿನ ಮಟ್ಟಿಗೆ ತೀರ್ಮಾನಿಸುವುದು ಉಳಿದರ್ಧ.

ಮೊದಲರ್ಧ ಆಯಿಲ್ ಎಷ್ಟು ಮಂದ ಎಂಬುದನ್ನು ಹೇಳುತ್ತದೆ. 5W ಎಂಬುದರಲ್ಲಿ W ಎಂದರೆ ಚಳಿಗಾಲ. ಈ ದರ್ಜೆಯ ಆಯಿಲ್ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲೂ ಎಂಜಿನ್ ತಿರುಗಲು ಬಿಡುವಷ್ಟು ತೆಳುವಾಗಿರಬೇಕು. 30 ಎಂಬುದು ಎಂಜಿನ್ ಬಿಸಿಯಾದಾಗಿನ ದರ್ಜೆ. ಈ ಎರಡು ಸಂಖ್ಯೆಗಳು ಹೇಳುವುದು ಇಷ್ಟನ್ನೇ. ಆಯಿಲ್‌ನೊಳಗೆ ಯಾವ ರಾಸಾಯನಿಕ ಬೆರೆಸಿದ್ದಾರೆ, ಅದು ಉರಿದಾಗ ಏನು ಉಳಿಯುತ್ತದೆ ಎಂಬ ಸುಳಿವು ಇವುಗಳಲ್ಲಿ ಇರುವುದಿಲ್ಲ.

ಆ ಸುಳಿವು ಸಿಗುವುದು ಎಪಿಐ ಮತ್ತು ಎಸಿಇಎ ಸಂಕೇತಗಳಲ್ಲಿ. ಎಪಿಐ ಎಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್. ಅದರ ಸಂಕೇತ S ಎಂದು ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, C ಎಂದು ಶುರುವಾದರೆ ಡೀಸೆಲ್ ಎಂಜಿನ್ನಿಗೆ, ಮುಖ್ಯವಾಗಿ ಲಾರಿ, ಬಸ್ಸಿನಂಥ ಭಾರಿ ವಾಹನಗಳಿಗೆ. ಎರಡನೆಯ ಅಕ್ಷರ ಪೀಳಿಗೆಯನ್ನು ತೋರಿಸುತ್ತದೆ. 2010ರಲ್ಲಿ SN ಬಂತು, 2020ರಲ್ಲಿ SP. ಪೆಟ್ರೋಲ್ ಸಾಲಿನಲ್ಲಿ ಲೆಕ್ಕ ಸುಲಭ: ಕೈಪಿಡಿ SM ಎಂದು ಕೇಳಿದ್ದರೆ, ಅದೇ ಮಂದತೆಯ SN ಅಥವಾ SP ಹಾಕಬಹುದು.

ಎಸಿಇಎ ಯುರೋಪಿನ ಕಾರು ತಯಾರಕರ ಸಂಘ. ಅದರ ಸಂಕೇತಗಳನ್ನು ಹೀಗೆ ಹಳತು ಹೊಸತೆಂದು ಓದಲಾಗದು. A/B ಎಂದು ಶುರುವಾಗುವ ಆಯಿಲ್‌ಗಳು ಸೈಲೆನ್ಸರ್ ಸಾಲಿನಲ್ಲಿ ಸೂಕ್ಷ್ಮ ಫಿಲ್ಟರ್ ಇಲ್ಲದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ. C ಗುಂಪಿನವು ಅಂಥ ಫಿಲ್ಟರ್ ಇರುವ ಕಾರುಗಳಿಗೆ. E ಗುಂಪು ಭಾರಿ ವಾಹನಗಳದು. ಇಲ್ಲೊಂದು ಎಚ್ಚರಿಕೆ ಬೇಕು: ಎಪಿಐ ಸಾಲಿನ C ಬೇರೆ, ಎಸಿಇಎ ಸಾಲಿನ C ಬೇರೆ. C ಪಕ್ಕದ ಅಂಕಿಯೂ ದರ್ಜೆಯ ಏರಿಕೆಯಲ್ಲ. C3 ಕೇಳುವ ಎಂಜಿನ್ನಿಗೆ C5 ಇನ್ನೂ ಒಳ್ಳೆಯದಿರಬೇಕು ಎಂದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ C5 ಇಂಧನ ಉಳಿಸಲೆಂದು ಬೇಕೆಂದೇ ತೆಳುವಾಗಿ ಮಾಡಿದ ಆಯಿಲ್.

ಈಗ ಅಂಗಡಿಯ ಕೌಂಟರ್ ಮೇಲೆ ನಾಲ್ಕು ಡಬ್ಬಿಗಳಿವೆ ಎಂದಿಟ್ಟುಕೊಳ್ಳೋಣ. ಒಂದರ ಮೇಲೆ 15W-40, API CI-4 ಎಂದಿದೆ. ಉಳಿದ ಮೂರೂ 5W-30. ಅವುಗಳ ಹಿಂಬದಿಯ ಲೇಬಲ್‌ನಲ್ಲಿ ಒಂದಕ್ಕೆ API SP, ಇನ್ನೊಂದಕ್ಕೆ ACEA A3/B4, ಮತ್ತೊಂದಕ್ಕೆ ACEA C3 ಎಂದಿದೆ.

15W-40 ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಡೀಸೆಲ್' ಎಂದು ಬರೆದಿರಬಹುದು. ಆದರೆ CI-4 ಬಂದದ್ದು 2002ರಲ್ಲಿ, ಈ ಫಿಲ್ಟರ್ ಇಲ್ಲದ ಲಾರಿ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಮಂದತೆಯೂ ಕೈಪಿಡಿ ಕೇಳಿದ್ದಲ್ಲ. ಹೀಗಾಗಿ ಅದನ್ನು ಪಕ್ಕಕ್ಕಿಡಬಹುದು. API SP ಮಾತ್ರ ಇರುವ ಡಬ್ಬಿ ಪೆಟ್ರೋಲ್ ಎಂಜಿನ್ನಿನ ಪರೀಕ್ಷೆಗಳಲ್ಲಿ ಗೆದ್ದದ್ದು. ಜೊತೆಗೆ ಇನ್ನೊಂದು ಕೊರತೆಯಿದೆ. 150 ಡಿಗ್ರಿ ಶಾಖದಲ್ಲಿ, ಬೇರಿಂಗುಗಳ ನಡುವಿನ ಭಾರಿ ಉಜ್ಜುವಿಕೆಯಲ್ಲಿ ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದಕ್ಕೆ ಪ್ರತ್ಯೇಕ ಅಳತೆ ಇದೆ. ಸಾಮಾನ್ಯ 5W-30 ಅದರಲ್ಲಿ 2.9 ಮುಟ್ಟಿದರೆ ಸಾಕು. C3 ಎನಿಸಿಕೊಳ್ಳಲು ಕನಿಷ್ಠ 3.5 ಬೇಕು. ಡಬ್ಬಿಯ ಮುಂಭಾಗದಲ್ಲಿ ಒಂದೇ 5W-30 ಕಂಡರೂ ಬಿಸಿ ಬೇರಿಂಗಿನಲ್ಲಿ ಉಳಿಯುವ ಪದರ ಒಂದೇ ಅಲ್ಲ.

ಉಳಿದ ಎರಡರ ನಡುವೆಯೇ ನಿಜವಾದ ಗೊಂದಲ. A3/B4 ಕೂಡ 3.5ರ ಮಿತಿಯನ್ನು ದಾಟಿದ್ದೇ. ಎರಡೂ ಪೂರ್ಣ ಸಿಂಥೆಟಿಕ್ ಆಗಿರಬಹುದು. ವ್ಯತ್ಯಾಸವಿರುವುದು ಬೂದಿಯಲ್ಲಿ. ಆಯಿಲ್‌ನ ಮಾದರಿಯನ್ನು ಪ್ರಯೋಗಾಲಯದಲ್ಲಿ ಸುಟ್ಟು, ಗಂಧಕಾಮ್ಲ ಹಾಕಿ ಮತ್ತೆ ಕಾಯಿಸಿದಾಗ ಉಳಿಯುವ ಬೂದಿಯನ್ನು ತೂಗುತ್ತಾರೆ. A3/B4ರಲ್ಲಿ ಅದು ಶೇ 1.6ರವರೆಗೆ ಇರಬಹುದು. C3ಯಲ್ಲಿ ಶೇ 0.8 ದಾಟುವಂತಿಲ್ಲ.

ಆ ಬೂದಿ ಬರುವುದು ಆಯಿಲ್‌ಗೆ ಬೆರೆಸಿದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಸಂಯುಕ್ತಗಳಿಂದ. ಎಂಜಿನ್ನಿನ ಒಳಭಾಗವನ್ನು ಚೊಕ್ಕಟವಾಗಿಡುವುದು, ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಮಣಿಸುವುದು, ಸವೆತ ತಡೆಯುವುದು ಅವುಗಳ ಕೆಲಸ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಆಯಿಲ್ ಯಾವಾಗಲೂ ಉರಿದುಹೋಗುತ್ತದೆ. ಆಗ ಈ ಲೋಹಗಳು ಹೊಗೆಯೊಂದಿಗೆ ಹೋಗಿ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರಿನಲ್ಲಿ ಕೂರುತ್ತವೆ. ಡಿಪಿಎಫ್ ಎಂದು ಮೆಕ್ಯಾನಿಕ್‌ಗಳು ಕರೆಯುವುದು ಇದನ್ನೇ. ಅಲ್ಲಿ ಸೇರುವ ಮಸಿಯನ್ನು ಕಾರು ಆಗಾಗ ಸುಮಾರು 600 ಡಿಗ್ರಿಗೆ ಕಾಯಿಸಿ ತಾನೇ ಸುಟ್ಟುಕೊಳ್ಳುತ್ತದೆ. ಬೂದಿ ಮಾತ್ರ ಸುಡುವುದಿಲ್ಲ. ಒಲೆಯಲ್ಲಿ ಸೌದೆ ಉರಿದುಹೋದರೂ ಬೂದಿಯನ್ನು ಕೈಯಾರೆ ತೆಗೆಯಲೇಬೇಕಾದಂತೆ, ಇಲ್ಲೂ ಫಿಲ್ಟರನ್ನು ಬಿಚ್ಚಿ ತೊಳೆಸಬೇಕು ಇಲ್ಲವೇ ಬದಲಿಸಬೇಕು.

ತಪ್ಪು ಆಯಿಲ್ ಹಾಕಿದ ಮರುದಿನ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಮೆತ್ತಗೇ ಓಡುತ್ತದೆ. ಸಾವಿರಾರು ಕಿಲೋಮೀಟರ್ ಕಳೆದ ಮೇಲೆ ಫಿಲ್ಟರಿನಲ್ಲಿ ಮಸಿಗೆ ಉಳಿದ ಜಾಗ ಕಡಿಮೆಯಾಗುತ್ತದೆ. ಮಸಿ ಸುಡುವ ಸರದಿ ಮೊದಲಿಗಿಂತ ಬೇಗ ಬೇಗ ಬರುತ್ತದೆ. ಡಿಪಿಎಫ್ ದೀಪ ಪದೇ ಪದೇ ಹೊತ್ತಿಕೊಳ್ಳುವುದು, ಮೈಲೇಜ್ ಇಳಿಯುವುದು, ಏರಿನಲ್ಲಿ ಗಾಡಿ ಎಳೆಯದಿರುವುದು ಇದರ ಲಕ್ಷಣಗಳು. ಪೇಟೆಯೊಳಗಿನ ಗಿಡ್ಡ ಓಡಾಟದಿಂದಲೂ ಆ ದೀಪ ಹೊತ್ತುವುದುಂಟು. ಆದರೆ ಅದು ಮಸಿಯ ತೊಂದರೆ, ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಬೂದಿ ತುಂಬಿದ್ದರೆ ಆ ಉಪಾಯ ನಡೆಯದು.

ಹಾಗೆಂದು ಎಲ್ಲ ಹಳೆಯ ಡೀಸೆಲ್ ಕಾರಿಗೂ C3 ಹಾಕಿಬಿಡುವುದೂ ಸರಿಯಲ್ಲ. ಬೂದಿ ಕಡಿಮೆ ಎಂದರೆ ಆಮ್ಲವನ್ನು ತಡೆಯುವ ಶಕ್ತಿಯೂ ಸಾಮಾನ್ಯವಾಗಿ ಕಡಿಮೆ. ಡೀಸೆಲ್‌ನಲ್ಲಿ ಗಂಧಕ ಹೆಚ್ಚಿದ್ದ ಕಾಲಕ್ಕೆ ಆ ಶಕ್ತಿ ಬೇಕಿತ್ತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 ಇಂಧನ ಬಂದ ಮೇಲೆ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. ಕಡಿಮೆ ಬೂದಿಯ ಆಯಿಲ್ ಇಲ್ಲಿ ನೆಮ್ಮದಿಯಾಗಿ ಕೆಲಸ ಮಾಡಲು ಈ ಇಂಧನವೂ ಕಾರಣ. ಡಿಪಿಎಫ್ ಇಲ್ಲದ ಕಾರಿನ ಕೈಪಿಡಿ A3/B4 ಎಂದಿದ್ದರೆ ಅದನ್ನೇ ಹಾಕಬೇಕು.

ಲೇಬಲ್ ಓದುವಾಗ ಸಂಕೇತದ ಹಿಂದೆಮುಂದೆ ಇರುವ ಮಾತನ್ನೂ ನೋಡಬೇಕು. ಎಪಿಐ ತನ್ನ ದುಂಡು ಮುದ್ರೆಗೆ ಪರವಾನಗಿ ಕೊಡುತ್ತದೆ, ಪರವಾನಗಿ ಪಡೆದವರ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಇಡುತ್ತದೆ. ಎಸಿಇಎ ಹಾಗೆ ಪ್ರಮಾಣಪತ್ರ ಕೊಡುವುದಿಲ್ಲ. C3 ಎಂಬುದು ಪರೀಕ್ಷೆಗಳ ಆಧಾರದ ಮೇಲೆ ಆಯಿಲ್ ಕಂಪನಿಯೇ ಮಾಡಿಕೊಳ್ಳುವ ಘೋಷಣೆ. ಇದಕ್ಕಿಂತ ಗಟ್ಟಿಯಾದದ್ದು ಕಾರು ಕಂಪನಿಯ ಒಪ್ಪಿಗೆ. ಮರ್ಸಿಡಿಸ್‌ನ MB-Approval 229.51, ಫೋಕ್ಸ್‌ವ್ಯಾಗನ್‌ನ VW 507 00 ಈ ಬಗೆಯವು. ಕೈಪಿಡಿಯಲ್ಲಿ ಇಂಥ ಸಂಖ್ಯೆ ಇದ್ದರೆ ಡಬ್ಬಿಯ ಮೇಲೂ ಅದೇ ಸಂಖ್ಯೆ, 'ಅಪ್ರೂವಲ್' ಎಂಬ ಪದದೊಂದಿಗೆ ಇರಬೇಕು. 'ಈ ಗಾಡಿಗಳಿಗೆ ಸೂಕ್ತ' ಎಂಬ ಸಾಲು ಕಾರು ಕಂಪನಿಯ ಒಪ್ಪಿಗೆಯಲ್ಲ, ಮಾರುವವರ ಶಿಫಾರಸು.

ಒಂದೇ ಮಾದರಿಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಒಂದೇ ಕೈಪಿಡಿ ಅಚ್ಚಾಗುವುದರಿಂದ ತಮ್ಮ ಎಂಜಿನ್ನಿನ ಸಾಲನ್ನೇ ಹುಡುಕಬೇಕು. ಫಿಲ್ಟರ್ ಸಮೇತ ಎಷ್ಟು ಲೀಟರ್ ಬೇಕೆಂಬುದೂ ಅಲ್ಲೇ ಇರುತ್ತದೆ. ಸರ್ವಿಸ್ ಸೆಂಟರಿನಲ್ಲಿ ಡ್ರಮ್ಮಿನಿಂದ ಆಯಿಲ್ ಹಾಕುವುದಾದರೆ ಡಬ್ಬಿಯ ಲೇಬಲ್ ಕಣ್ಣಿಗೆ ಬೀಳುವುದಿಲ್ಲ. ಆಗ ಜಾಬ್ ಕಾರ್ಡಿನಲ್ಲಿ '5W-30' ಎಂದಷ್ಟೇ ಬರೆಸಿ ಬಿಡದೆ, ಪಕ್ಕದಲ್ಲಿ C3 ಎಂದೂ ಬರೆಸಿಕೊಂಡು, ಬಿಲ್ಲಿನಲ್ಲಿ ಬಂದ ಆಯಿಲ್‌ನ ಹೆಸರನ್ನು ಅದೇ ಕಂಪನಿಯ ಮಾಹಿತಿ ಹಾಳೆಯೊಂದಿಗೆ ಹೋಲಿಸಿ ನೋಡಬಹುದು.