ಕಾವಲಿ ಕಾದಾಗ ಬರುವ ಜಾಹೀರಾತು

ದೋಸೆ ಹುಯ್ಯುತ್ತಿದ್ದ ಕೈ ತಟ್ಟನೆ ನಿಲ್ಲುತ್ತದೆ, ದನಿ ಬದಲಾಗುತ್ತದೆ. "ಸ್ನೇಹಿತರೇ, ವಿಶ್ವದರ್ಜೆಯ ಗುಣಮಟ್ಟದ..." ಎನ್ನುವಷ್ಟರಲ್ಲಿ ನೋಡುಗರು ವಿಡಿಯೊವನ್ನು ಮುಂದಕ್ಕೆ ಓಡಿಸಿರುತ್ತಾರೆ. ಕಂಪನಿ ಬರೆದುಕೊಟ್ಟ ಸಾಲನ್ನು ಹಾಗೇ ಓದಿದರೆ ಆಗುವುದು ಇದೇ.

ಹತ್ತು ನಿಮಿಷದ ದೋಸೆ ವಿಡಿಯೊಗೆ ಬೀಡುಕಬ್ಬಿಣದ ಕಾವಲಿಯ ಕಂಪನಿಯೊಂದು ಪ್ರಾಯೋಜಕ ಎಂದುಕೊಳ್ಳಿ. ಜಾಹೀರಾತು ಎಲ್ಲಿ ಬರಬೇಕು? ಆರಂಭದಲ್ಲಿ ಬೇಡ, ಜನ ಬಂದಿರುವುದು ದೋಸೆಗೆ. ಮೊದಲ ದೋಸೆ ಕಾವಲಿಗೆ ಅಂಟಿ ಹರಿದಾಗ ನೋಡುಗರ ಮನಸ್ಸಿನಲ್ಲೇ ಪ್ರಶ್ನೆ ಏಳುತ್ತದೆ. ಜಾಗ ಅದೇ. ಮಾತು ಹೀಗಿರಬಹುದು:

"ನೋಡಿದ್ರಲ್ಲ, ಹರಿದೇ ಹೋಯ್ತು. ತಪ್ಪು ಹಿಟ್ಟಿಂದಲ್ಲ, ಕಾವಲಿ ಸರಿಯಾಗಿ ಕಾದಿರಲಿಲ್ಲ. ಈಗ ಬೇರೆ ಕಾವಲಿ ಇಡ್ತೀನಿ. ಮೊದಲೇ ಹೇಳಿಬಿಡ್ತೀನಿ, ಇನ್ನೊಂದು ನಿಮಿಷ ಜಾಹೀರಾತು. ಇದನ್ನ ಮಾಡೋ ಕಂಪನಿಯವರು ನನಗೆ ದುಡ್ಡು ಕೊಟ್ಟಿದ್ದಾರೆ, ಕಾವಲೀನೂ ಅವರದೇ. ಮೂರು ವಾರದಿಂದ ಬಳಸ್ತಿದ್ದೀನಿ. ಕಾಯೋಕೆ ಹೊತ್ತು ಹಿಡಿಯುತ್ತೆ, ಆದರೆ ಕಾದ ಮೇಲೆ ಹಿಟ್ಟು ಬಿದ್ರೂ ಬೇಗ ಆರಲ್ಲ. ಭಾರ ಇದೆ, ತೊಳೆದು ಒರೆಸದಿದ್ರೆ ತುಕ್ಕು ಹಿಡಿಯುತ್ತೆ."

ಇಲ್ಲಿ ದುಡ್ಡಿನ ಮಾತು ಹೊಗಳಿಕೆಗಿಂತ ಮುಂಚೆ ಬಂದಿದೆ. ಹೊಗಳಿದ ಮೇಲೆ ಹೇಳಿದ್ದರೆ ಮೋಸ ಹೋದಂತೆ ಅನಿಸುತ್ತಿತ್ತು. ಭಾರ, ತುಕ್ಕಿನ ಮಾತನ್ನು ಕಂಪನಿ ತೆಗೆಯಲು ಕೇಳಬಹುದು. ಒಪ್ಪಂದದ ಹೊತ್ತಿಗೇ ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು. ಬಳಸದೆ ಹೊಗಳುವುದಂತೂ ಕೂಡದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಕೈಪಿಡಿಯೂ ಅದನ್ನೇ ಹೇಳುತ್ತದೆ.

ಬಾಯಲ್ಲಿ ಹೇಳಿದರೆ ಸಾಲದು, ಪರದೆಯ ಮೇಲೂ ಕಾಣಬೇಕು. ಜಾಹೀರಾತು ಮಾನಕ ಮಂಡಳಿ ಆಸ್ಕಿಯ 2021ರ ಮಾರ್ಗಸೂಚಿಯಂತೆ, ಎರಡು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊದಲ್ಲಿ ಬ್ರಾಂಡಿನ ಮಾತು ನಡೆಯುವಷ್ಟು ಹೊತ್ತೂ ಪಟ್ಟಿ ಇರಬೇಕು. ಹಾಗಾಗಿ ಕಾವಲಿ ಒಲೆಗೆ ಏರಿದಾಗ "ಜಾಹೀರಾತು" ಎಂದು ದಪ್ಪಕ್ಷರದಲ್ಲಿ ಹಾಕಿ. ಕೊನೆಯಲ್ಲಿ ಅದೇ ಕಾವಲಿಯನ್ನು ಮತ್ತೆ ಹೊಗಳಿದರೆ ಮತ್ತೆ ಹಾಕಿ. "ಕಂಪನಿಗೆ ಧನ್ಯವಾದ" ಎಂದರೆ ದುಡ್ಡು ಪಡೆದದ್ದು ತಿಳಿಯುವುದಿಲ್ಲ. ವಿವರಣೆಯ ಕೆಳಗೆ ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹುದುಗಿಸಿದರೂ ಅಷ್ಟೇ. ಅಪ್‌ಲೋಡ್ ಮಾಡುವಾಗ ಯೂಟ್ಯೂಬಿನಲ್ಲಿ ಪೇಯ್ಡ್ ಪ್ರಮೋಷನ್ ಎಂಬಲ್ಲಿ ಗುರುತು ಹಾಕಬೇಕು. ಆಗ ವಿಡಿಯೊದ ಆರಂಭದಲ್ಲಿ ಕೆಲವು ಸೆಕೆಂಡು ಸೂಚನೆ ಕಾಣುತ್ತದೆ. ಆದರೆ ಐದನೇ ನಿಮಿಷದಲ್ಲಿ ಬರುವ ಕಾವಲಿಗೆ ಅದೊಂದೇ ಸಾಲದು.

ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಬೀಳಬಹುದು.

ವಿಡಿಯೊ ಹಾಕುವ ಮುನ್ನ ಆ ಒಂದು ನಿಮಿಷವನ್ನು ಎರಡು ಸಲ ನೋಡಿ: ಒಮ್ಮೆ ಶಬ್ದ ನಿಲ್ಲಿಸಿ, ಒಮ್ಮೆ ಕಣ್ಣು ಮುಚ್ಚಿ. ಎರಡೂ ಸಲ ಇದು ಜಾಹೀರಾತು ಎಂದು ತಿಳಿದರೆ ಮಾತ್ರ ಹಾಕಿ.