ಏಳನ್ನು ಮೂರಾಗಿ ಎಣಿಸುವ ಬಗೆ

ಪಾಶ್ಚಾತ್ಯ ಸ್ವರಲಿಪಿಯಲ್ಲಿ ಹಾಡಿನ ಮೊದಲಿಗೆ 7/8 ಎಂದು ಬರೆದಿದ್ದರೆ, ಒಂದು ಆವರ್ತಕ್ಕೆ ಏಳು ಪುಟ್ಟ ಮಾತ್ರೆಗಳು ಎಂದಷ್ಟೇ ತಿಳಿಯುತ್ತದೆ. ಆ ಏಳು ಎಲ್ಲೆಲ್ಲಿ ಒಡೆಯುತ್ತದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ನುಡಿಸುವವನಿಗೂ ಕುಣಿಯುವವನಿಗೂ ಬೇಕಾಗಿರುವುದು ಮಾತ್ರ ಅದೇ.

ಬಲ್ಗೇರಿಯದ ರಚೆನಿತ್ಸ ಎಂಬ ಕುಣಿತವನ್ನೇ ತೆಗೆದುಕೊಳ್ಳೋಣ. ಅದರ ಲೆಕ್ಕ 7/8. ಆದರೆ ಕುಣಿಯುವವರು ಆವರ್ತಕ್ಕೆ ಇಡುವುದು ಮೂರೇ ಹೆಜ್ಜೆ: ಎರಡು ಗಿಡ್ಡ, ಒಂದು ಉದ್ದ. ಗಿಡ್ಡ ಹೆಜ್ಜೆಗೆ ಎರಡು ಮಾತ್ರೆ, ಉದ್ದದ್ದಕ್ಕೆ ಮೂರು. 2+2+3, ಒಟ್ಟು ಏಳು. ಹೆಜ್ಜೆಗಳು ಮೂರಾದ್ದರಿಂದ ಒಂದು ಆವರ್ತ ಬಲಗಾಲಿನಿಂದ ಶುರುವಾದರೆ ಮುಂದಿನದು ತಾನಾಗಿಯೇ ಎಡಗಾಲಿಗೆ ಬೀಳುತ್ತದೆ. ತುಪಾನ್ ಎಂಬ ದೊಡ್ಡ ಡೋಲಿನ ದಪ್ಪ ಕೋಲು ಮುಖ್ಯ ಪೆಟ್ಟುಗಳನ್ನು ಹಾಕಿದರೆ, ಇನ್ನೊಂದು ಕೈಯ ತೆಳು ಕಡ್ಡಿ ನಡುವಿನ ಮಾತ್ರೆಗಳನ್ನು ತುಂಬುತ್ತದೆ.

ಬೆಸ ಲಯಕ್ಕೆ ಹೆದರುವವರು ಸಾಮಾನ್ಯವಾಗಿ ಒಂದರಿಂದ ಏಳರವರೆಗೆ ಎಣಿಸಲು ಹೊರಟವರು. ರಚೆನಿತ್ಸದ ವೇಗದಲ್ಲಿ ಅದು ಸಾಧ್ಯವೇ ಇಲ್ಲ. ಕನ್ನಡದಲ್ಲಂತೂ ‘ಒಂದು’, ‘ಮೂರು’ ಎನ್ನಲು ನಾಲಿಗೆ ಎರಡು ಸಲ ಹೊರಳಬೇಕು, ‘ಎರಡು’ ಎನ್ನಲು ಮೂರು ಸಲ. ಅದರ ಬದಲು ನಮ್ಮ ಸೊಲ್ಲುಗಳನ್ನೇ ಬಳಸಬಹುದು: ಎರಡಕ್ಕೆ ತಕ, ಮೂರಕ್ಕೆ ತಕಿಟ. ಆಗ ರಚೆನಿತ್ಸ ‘ತಕ ತಕ ತಕಿಟ’ ಆಗುತ್ತದೆ.

ಮೆಟ್ರೊನೋಮನ್ನು ನಿಮಿಷಕ್ಕೆ 120ಕ್ಕೆ ಇಟ್ಟು, ಒಂದೊಂದು ಸದ್ದಿಗೆ ಒಂದೊಂದು ಅಕ್ಷರ ಹೇಳಿ. ಪ್ರತಿ ಗುಂಪಿನ ‘ತ’ ಬಂದಾಗ ಮಾತ್ರ ಕೈ ತಟ್ಟಿ. ಇದು ಕೂತ ಮೇಲೆ ವೇಗ ಏರಿಸುತ್ತ ಹೋಗಬೇಕು. ಒಂದು ಹಂತದಲ್ಲಿ ಅಕ್ಷರಗಳನ್ನು ಬಾಯಲ್ಲಿ ಹೇಳಲಾಗದೆ ಮೂರು ತಟ್ಟುಗಳಷ್ಟೇ ಉಳಿಯುತ್ತವೆ. ಆಗ ಮೆಟ್ರೊನೋಮನ್ನು 60ಕ್ಕೆ ಇಳಿಸಿ, ಅದು ಆವರ್ತದ ಮೊದಲ ಪೆಟ್ಟನ್ನು ಮಾತ್ರ ಹೇಳುವಂತೆ ಮಾಡಿಕೊಳ್ಳಬಹುದು. ಈಗ ಒಂದು ಸೆಕೆಂಡಿನಲ್ಲಿ ಏಳೂ ಮಾತ್ರೆ ಮುಗಿಯುತ್ತವೆ, ನೀವು ಎಣಿಸುವುದು ಮೂರನ್ನೇ.

ಇಲ್ಲೇ ಎಡವುವುದು. ಉದ್ದದ ಪೆಟ್ಟು ಅವಸರದಲ್ಲಿ ಎರಡು ಮಾತ್ರೆಗೆ ಕುಗ್ಗಿದರೆ ಏಳು ಆರಾಗಿ, ಮೂರು ಸಮ ಪೆಟ್ಟುಗಳ ಸಾದಾ ನಡೆಯಾಗಿಬಿಡುತ್ತದೆ. ಆರಾಮ ಜಾಸ್ತಿಯಾಗಿ ನಾಲ್ಕಕ್ಕೆ ಹಿಗ್ಗಿದರೆ ಎಂಟಾಗಿ, ನಮಗೆಲ್ಲ ರೂಢಿಯಿರುವ ಆದಿತಾಳದ ಜಾಡಿಗೆ ಜಾರುತ್ತದೆ. ಕಿವಿಗೆ ಸಮಸಂಖ್ಯೆಯ ಮೇಲೆ ಮೋಹ. ತಪ್ಪಿದ್ದೇವೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆಯಿದೆ. ಬಾಯಲ್ಲಿ ತಕ ತಕ ತಕಿಟ ನಡೆಯುತ್ತಿರಲಿ, ಪಾದ ಮಾತ್ರ ಎರಡೆರಡು ಮಾತ್ರೆಗೊಮ್ಮೆ ನೆಲ ತಟ್ಟಲಿ. ಮೊದಲ ಆವರ್ತದಲ್ಲಿ ಪಾದ 1, 3, 5, 7ರ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ 2, 4, 6ಕ್ಕೆ ಸರಿಯುತ್ತದೆ, ಅಂದರೆ ಆವರ್ತದ ಶುರು ಪಾದಕ್ಕೆ ಸಿಗುವುದೇ ಇಲ್ಲ. ಮೂರನೆಯದರಲ್ಲಿ ಮತ್ತೆ ಒಂದರ ಮೇಲೆ ಕೂಡುತ್ತದೆ. ಪ್ರತಿ ಆವರ್ತದ ಮೊದಲ ‘ತ’ಕ್ಕೂ ಪಾದ ಸಲೀಸಾಗಿ ಬಂದು ಕೂಡುತ್ತಿದ್ದರೆ, ನೀವು ಏಳನ್ನು ಬಿಟ್ಟು ಆರನ್ನೋ ಎಂಟನ್ನೋ ನುಡಿಸುತ್ತಿದ್ದೀರಿ.

ಏಳನ್ನು ಎರಡು-ಮೂರುಗಳಾಗಿ ಒಡೆಯಲು ಮೂರೇ ದಾರಿ: ಉದ್ದದ ಪೆಟ್ಟು ಕೊನೆಗೆ ಬರಬಹುದು, ನಡುವೆ ಬರಬಹುದು, ಮೊದಲಿಗೆ ಬರಬಹುದು. ಗ್ರೀಸಿನ ಕಲಮಾತಿಯಾನೊಸ್ ಕುಣಿತದಲ್ಲಿ ಅದು ಮೊದಲಿಗೇ ಬರುತ್ತದೆ, 3+2+2. ಇದನ್ನು ಕೇಳಿದ ಕನ್ನಡಿಗರ ಕೈ ತಾನಾಗಿ ಆಡೀತು. ಮಿಶ್ರಚಾಪಿನ ‘ತಕಿಟ ತಕಧಿಮಿ’ಯೂ ಮೂರರ ಮೇಲೆ ನಾಲ್ಕು, ಆ ನಾಲ್ಕು ಎರಡೆರಡಾಗಿ ಒಡೆಯುತ್ತದೆ. ನಾಲ್ಕು ಮೊದಲು ಬಂದು ಮೂರು ಆಮೇಲೆ ಬಂದರೆ ನಮ್ಮವರು ವಿಲೋಮ ಚಾಪು ಎನ್ನುತ್ತಾರೆ. ಗುಂಪಿನ ಲೆಕ್ಕದಲ್ಲಿ ರಚೆನಿತ್ಸವೂ ಅದೇ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ, ಏಕೆಂದರೆ ವೇಗವೂ ಒತ್ತೂ ಬೇರೆ. ಮಿಶ್ರಚಾಪು ಕರಗತವಾದ ಮೃದಂಗದ ಕೈಗೂ ರಚೆನಿತ್ಸದಲ್ಲಿ ‘ಒಂದು’ ಎಲ್ಲಿದೆ ಎಂದು ಹುಡುಕುವ ಪಾಡು ಬರಬಹುದು. ಏಳರ ಸರಪಳಿಯನ್ನು ಎಲ್ಲಿಂದ ಹಿಡಿದರೂ ಎರಡು ಗಿಡ್ಡ, ಒಂದು ಉದ್ದ ಎಂದೇ ಕೇಳಿಸುವುದರಿಂದ, ರಾಗದ ಸಾಲು ಎಲ್ಲಿ ಹೊಸದಾಗಿ ಶುರುವಾಗುತ್ತದೆ ಎಂದು ಗಮನಿಸುವುದೊಂದೇ ಉಪಾಯ.

ಬರಹದಲ್ಲಿ ಗುಂಪನ್ನು ತೋರಿಸಲು ಪುಟ್ಟ ಸ್ವರಗಳ ಬಾಲಗಳನ್ನು ಎರಡೆರಡಾಗಿ, ಮೂರು ಮೂರಾಗಿ ಅಡ್ಡಗೆರೆಯಿಂದ ಜೋಡಿಸುತ್ತಾರೆ. ಹಂಗೆರಿಯ ಬೇಲಾ ಬಾರ್ಟೊಕ್ ಇನ್ನೂ ಸ್ಪಷ್ಟಪಡಿಸಿದ. ಅವನ ‘ಮಿಕ್ರೊಕೊಸ್ಮೊಸ್’ ಪಿಯಾನೋ ಸಂಪುಟಗಳ ಕೊನೆಯ ಆರು ತುಣುಕುಗಳು ಬಲ್ಗೇರಿಯನ್ ಲಯದ ಕುಣಿತಗಳು. 149ನೆಯದರ ಮೇಲೆ 7/8 ಎಂದು ಬರೆಯದೆ 2+2+3 ಎಂದೇ ಬರೆದಿದ್ದಾನೆ. ನುಡಿಸುವವರ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ.

ನಿಧಾನದ ಹಾಡಿಗೆ ಈ ಉಪಾಯ ಅಷ್ಟಾಗಿ ಬೇಕಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ಯಲ್ಲಿ ಏಳೂ ಪೆಟ್ಟುಗಳು ಒಂದೊಂದಾಗಿ ಕಾಲಿಗೆ ಸಿಗುತ್ತವೆ, ನೇರವಾಗಿ ಎಣಿಸಿದರೂ ನಡೆಯುತ್ತದೆ. ಬಲ್ಗೇರಿಯದ್ದೇ ಕೊಪಾನಿತ್ಸಕ್ಕೆ ಬಂದರೆ ಮಾತ್ರ ಮತ್ತೆ ಸೊಲ್ಲುಗಳಿಗೆ ಮರಳಬೇಕು: ಹನ್ನೊಂದು ಮಾತ್ರೆ, ಐದು ಪೆಟ್ಟು, ನಟ್ಟನಡುವಿನದು ಉದ್ದ. ತಕ ತಕ ತಕಿಟ ತಕ ತಕ.