ಹೆಸರಿನ ಕೆಳಗಿನ ಒಂದೇ ಸಾಲು

ಪೀಣ್ಯದ ಒಂದು ಕಾರ್ಖಾನೆಗೆ ಅಕೌಂಟೆಂಟ್ ಬೇಕಾಗಿದೆ ಎಂದುಕೊಳ್ಳಿ. ಅಲ್ಲಿನ ಎಚ್‌ಆರ್ ಸಿಬ್ಬಂದಿ ಲಿಂಕ್ಡ್‌ಇನ್‌ನಲ್ಲೋ ನೌಕ್ರಿಯಲ್ಲೋ ಮೂರ್ನಾಲ್ಕು ಪದ ಹೊಡೆದು ಹುಡುಕುತ್ತಾರೆ: ಅಕೌಂಟೆಂಟ್, ಟ್ಯಾಲಿ, ಜಿಎಸ್‌ಟಿ, ಬೆಂಗಳೂರು. ಪರದೆಯ ಮೇಲೆ ಹೆಸರುಗಳ ಉದ್ದ ಪಟ್ಟಿ ಬಂದು ನಿಲ್ಲುತ್ತದೆ. ಲಿಂಕ್ಡ್‌ಇನ್‌ನಲ್ಲಾದರೆ ಪ್ರತಿ ಹೆಸರಿನ ಪಕ್ಕ ಒಂದು ಫೋಟೊ, ಕೆಳಗೆ ಒಂದು ಸಾಲು. ಆ ಸಾಲಿಗೆ ಹೆಡ್‌ಲೈನ್ ಎನ್ನುತ್ತಾರೆ. ರೆಸ್ಯೂಮೆ ತೆರೆಯಬೇಕೋ ಬೇಡವೋ ಎಂಬುದನ್ನು ಹುಡುಕುವವರು ಬಹುಪಾಲು ಅಲ್ಲೇ ನಿರ್ಧರಿಸಿಬಿಡುತ್ತಾರೆ.

ಲಿಂಕ್ಡ್‌ಇನ್ ಈ ಸಾಲಿಗೆ 220 ಅಕ್ಷರಗಳ ಜಾಗ ಕೊಡುತ್ತದೆ. ಖಾಲಿ ಜಾಗವೂ ಅಕ್ಷರವೆಂದೇ ಲೆಕ್ಕ. ನಾವೇನೂ ಬರೆಯದಿದ್ದರೆ ಈಗಿನ ಹುದ್ದೆಯ ಹೆಸರನ್ನೂ ಕಂಪನಿಯ ಹೆಸರನ್ನೂ ಅದೇ ತುಂಬಿಸಿಕೊಳ್ಳುತ್ತದೆ, ತುಂಬಾ ಜನರ ಹೆಡ್‌ಲೈನ್ ಹೀಗೆ ತಾನಾಗಿ ಹುಟ್ಟಿದ್ದು. 220 ಸಿಕ್ಕಿದೆ ಎಂದು ಅಷ್ಟನ್ನೂ ತುಂಬಬೇಕಾಗಿಲ್ಲ. ಮೊಬೈಲಿನ ಪಟ್ಟಿಯಲ್ಲಿ ಕಾಣುವುದು ಮೊದಲ ಕೆಲವು ಪದ ಮಾತ್ರ, ಉಳಿದದ್ದು ಮೂರು ಚುಕ್ಕಿಯ ಹಿಂದೆ ಅಡಗುತ್ತದೆ. ಹಾಗಾಗಿ ಯಾವ ಪದ ಮೊದಲು ಬರಬೇಕು ಎಂಬುದೇ ಇಲ್ಲಿ ಮುಖ್ಯ ಲೆಕ್ಕ.

ಆ ಪೀಣ್ಯದ ಕೆಲಸಕ್ಕೆ ಹೊಂದುವ ಒಬ್ಬರನ್ನೇ ಊಹಿಸಿಕೊಳ್ಳೋಣ. ತುಮಕೂರಿನಲ್ಲಿ ಬಿ.ಕಾಂ ಮುಗಿಸಿದವರು, ಯಂತ್ರದ ಬಿಡಿಭಾಗ ಮಾಡುವ ಕಂಪನಿಯಲ್ಲಿ 8 ವರ್ಷದಿಂದ ಲೆಕ್ಕಪತ್ರ ನೋಡುತ್ತಿರುವವರು. ಅವರ ಕಂಪನಿಯ ಕಾಗದದಲ್ಲಿ ಹುದ್ದೆಯ ಹೆಸರು ‘ಎಕ್ಸಿಕ್ಯೂಟಿವ್ ಗ್ರೇಡ್ 2’. ಹೆಡ್‌ಲೈನ್‌ನಲ್ಲಿ ಅವರು ಬರೆದದ್ದು ಹೀಗೆ: ‘ಹೊಸ ಅವಕಾಶದ ಹುಡುಕಾಟದಲ್ಲಿರುವ ಶ್ರಮಜೀವಿ ಫೈನಾನ್ಸ್ ಪ್ರೊಫೆಷನಲ್, ಟೀಮ್ ಪ್ಲೇಯರ್’. ಅವರು ಟೈಪ್ ಮಾಡಿದ್ದು ಇಂಗ್ಲಿಷಿನಲ್ಲೇ, ಹುಡುಕುವವರೂ ಇಂಗ್ಲಿಷಿನಲ್ಲೇ ಹುಡುಕುವುದರಿಂದ ಅದು ಸರಿಯೇ. ತೊಂದರೆ ಇರುವುದು ಪದಗಳಲ್ಲಿ. ಶ್ರಮಜೀವಿ ಎಂದು ಟೈಪ್ ಮಾಡಿ ಅಕೌಂಟೆಂಟನ್ನು ಹುಡುಕುವವರು ಯಾರೂ ಇಲ್ಲ. ಫೈನಾನ್ಸ್ ಪ್ರೊಫೆಷನಲ್ ಎಂದರೆ ಬ್ಯಾಂಕಿನ ಸಾಲ ವಸೂಲಿಯವರೂ ಆಗಬಹುದು, ಮ್ಯೂಚುವಲ್ ಫಂಡ್ ಮಾರುವವರೂ ಆಗಬಹುದು. ‘ಹೊಸ ಅವಕಾಶ’ವಂತೂ ಎಲ್ಲಕ್ಕಿಂತ ಬೆಲೆಯುಳ್ಳ ಮೊದಲ ಜಾಗವನ್ನು ನುಂಗಿಕೊಂಡು ಕೂತಿದೆ. ಅದನ್ನು ಹೇಳಲು ಲಿಂಕ್ಡ್‌ಇನ್‌ನಲ್ಲಿ ಬೇರೆಯದೇ ಗುಂಡಿಯಿದೆ. ನೇಮಕ ಮಾಡುವವರಿಗಷ್ಟೇ ಕಾಣುವಂತೆ ಅದನ್ನು ಇಟ್ಟುಕೊಳ್ಳಲೂಬಹುದು. ಆದರೂ ಸ್ವಂತ ಕಂಪನಿಯವರಿಗೆ ಎಂದೂ ಗೊತ್ತಾಗುವುದಿಲ್ಲ ಎಂಬ ಖಾತ್ರಿಯನ್ನು ಲಿಂಕ್ಡ್‌ಇನ್ ಕೂಡ ಕೊಡುವುದಿಲ್ಲ.

ಮೊದಲು ಸರಿಪಡಿಸಬೇಕಾದದ್ದು ಹುದ್ದೆಯ ಹೆಸರು. ‘ಎಕ್ಸಿಕ್ಯೂಟಿವ್ ಗ್ರೇಡ್ 2’ ಆ ಕಂಪನಿಯ ಗೇಟಿನೊಳಗೆ ಮಾತ್ರ ಚಲಾವಣೆಯ ನಾಣ್ಯ. ಹೊರಗೆ ಆ ಕೆಲಸವನ್ನು ಏನೆಂದು ಕರೆಯುತ್ತಾರೆಂದು ತಿಳಿಯಲು ತಮ್ಮಂಥ ಕೆಲಸದ ಹತ್ತು ಜಾಹೀರಾತು ಓದಿದರೆ ಸಾಕು. ಹೆಚ್ಚಿನವುಗಳಲ್ಲಿ ಬರುವ ಹೆಸರನ್ನೇ ಎತ್ತಿಕೊಳ್ಳಬೇಕು. ರೆಸ್ಯೂಮೆಯ ಒಳಗೆ, ಅನುಭವದ ಭಾಗದಲ್ಲಿ, ಕಂಪನಿ ಕೊಟ್ಟ ಹೆಸರು ಹಾಗೆಯೇ ಇರಲಿ. ಹಿಂದಿನ ಕಂಪನಿಯಲ್ಲಿ ವಿಚಾರಿಸುವಾಗ ಅವರು ನೋಡುವುದು ಅದನ್ನೇ.

ಇನ್ನು ಹಿರಿತನ. ಜನ ಎಡವುವುದು ಇಲ್ಲೇ. ಒಂದೋ ವರ್ಷ ಬರೆದು ಸುಮ್ಮನಾಗುತ್ತಾರೆ, ಇಲ್ಲವೇ ‘ಸೀನಿಯರ್’ ಎಂದೋ ‘ಎಕ್ಸ್‌ಪರ್ಟ್’ ಎಂದೋ ತಮಗೆ ತಾವೇ ಬಿರುದು ಕೊಟ್ಟುಕೊಳ್ಳುತ್ತಾರೆ. ಎಂಟು ವರ್ಷವೂ ವೋಚರ್ ಎಂಟ್ರಿಯನ್ನೇ ಮಾಡಿದವರಿದ್ದಾರೆ, ನಾಲ್ಕೇ ವರ್ಷದಲ್ಲಿ ಆಡಿಟರ್ ಎದುರು ಕೂತು ಉತ್ತರ ಕೊಟ್ಟವರೂ ಇದ್ದಾರೆ. ಲೆಕ್ಕಪತ್ರದ ಕೆಲಸದಲ್ಲಿ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಕೆಳಗಿನ ಮೆಟ್ಟಿಲಿನವರು ಬಿಲ್ಲು, ವೋಚರ್ ಏರಿಸಿ ಬ್ಯಾಂಕ್ ಲೆಕ್ಕ ತಾಳೆ ನೋಡುತ್ತಾರೆ. ಅದರ ಮೇಲಿನವರು ಜಿಎಸ್‌ಟಿ, ಟಿಡಿಎಸ್ ರಿಟರ್ನ್ ಸಲ್ಲಿಸುತ್ತಾರೆ. ಅದಕ್ಕೂ ಮೇಲಿನವರು ವರ್ಷದ ಕೊನೆಯಲ್ಲಿ ಸವಕಳಿ ಹಾಕಿ, ಮುಕ್ತಾಯದ ದಾಸ್ತಾನು ಕಟ್ಟಿ, ಬರಬೇಕಾದದ್ದು ಕೊಡಬೇಕಾದದ್ದನ್ನೆಲ್ಲ ಸೇರಿಸಿ ಬ್ಯಾಲೆನ್ಸ್ ಶೀಟ್‌ವರೆಗೆ ತಂದು ಆಡಿಟ್ ಮುಗಿಸಿಕೊಡುತ್ತಾರೆ. ಈ ಕೊನೆಯ ಕೆಲಸಕ್ಕೆ ಕಚೇರಿಗಳಲ್ಲಿ ‘ಫೈನಲೈಸೇಶನ್’ ಎನ್ನುತ್ತಾರೆ. ನಮ್ಮವರು ಅದನ್ನು ಮಾಡುವವರೇ ಆಗಿದ್ದರೆ ಆ ಒಂದು ಪದ ಹಿರಿತನವನ್ನು ಯಾವ ಬಿರುದಿಗಿಂತಲೂ ಚೆನ್ನಾಗಿ ಹೇಳುತ್ತದೆ. ಎಷ್ಟು ವರ್ಷ ಎಂಬುದು ಅದಕ್ಕೆ ಬೆಂಬಲವಾಗಿ ಕೊನೆಯಲ್ಲಿ ಬಂದರೆ ಸಾಕು. ಬೇರೆ ವೃತ್ತಿಗಳಲ್ಲೂ ಇಂಥದೊಂದು ಗಡಿ ಇರುತ್ತದೆ: ಎಷ್ಟು ಜನರ ತಂಡ, ಎಷ್ಟು ಶಾಖೆ, ಯಾವ ಹಂತದವರೆಗೆ ಒಬ್ಬರೇ ನಿಭಾಯಿಸುತ್ತಾರೆ ಎಂಬುದು.

ಸಾಮರ್ಥ್ಯಗಳ ಪಟ್ಟಿಯಲ್ಲಿ ಮೂರಕ್ಕೆ ನಿಲ್ಲಿಸುವುದು ಕಷ್ಟ, ಆದರೆ ನಿಲ್ಲಿಸಬೇಕು. ಎಂಎಸ್ ವರ್ಡ್, ಇಮೇಲ್, ಇಂಟರ್‌ನೆಟ್ ಎಂದೆಲ್ಲ ಸೇರಿಸಿದರೆ ಎಂಟು ವರ್ಷದ ಅನುಭವಿಯೂ ಕಾಲೇಜಿನಿಂದ ಈಗತಾನೇ ಬಂದವರಂತೆ ಕಾಣುತ್ತಾರೆ. ಜಿಎಸ್‌ಟಿ, ಟಿಡಿಎಸ್, ಟ್ಯಾಲಿ ಪ್ರೈಮ್ ಸಾಕು. ಇವುಗಳ ಜೊತೆಗೆ ‘ಮ್ಯಾನುಫ್ಯಾಕ್ಚರಿಂಗ್’ ಎಂಬ ಒಂದು ಪದ ಇರಲಿ. ಕಚ್ಚಾ ಮಾಲು, ಅರ್ಧ ತಯಾರಾದ ಮಾಲು, ಹೊರಗೆ ಜಾಬ್ ವರ್ಕಿಗೆ ಕಳಿಸಿದ ಮಾಲು ಇವುಗಳ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ ಎಂದು ಕಾರ್ಖಾನೆಯವರಿಗೆ ಗೊತ್ತಿರುತ್ತದೆ.

ಎಲ್ಲ ಸೇರಿ ಸಾಲು ಹೀಗಾಯಿತು: ‘ಸೀನಿಯರ್ ಅಕೌಂಟೆಂಟ್ | ಮ್ಯಾನುಫ್ಯಾಕ್ಚರಿಂಗ್ | ಜಿಎಸ್‌ಟಿ, ಟಿಡಿಎಸ್, ಟ್ಯಾಲಿ ಪ್ರೈಮ್ | ಫೈನಲೈಸೇಶನ್‌ವರೆಗೆ | 8 ವರ್ಷ’. ಇಂಗ್ಲಿಷಿನಲ್ಲಿ ಬರೆದರೆ ಇದು ನೂರು ಅಕ್ಷರದೊಳಗೇ ಮುಗಿಯುತ್ತದೆ. ನಡುವಿನ ಗೆರೆಗಳು ಕಣ್ಣಿಗೆ ಬಿಡುವು ಕೊಡಲಿಕ್ಕಷ್ಟೇ. ಗೆರೆಯ ಬದಲು ರಾಕೆಟ್ಟು, ನಕ್ಷತ್ರದ ಚಿತ್ರ ಹಾಕುವವರಿದ್ದಾರೆ. ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶ ಅವುಗಳ ಹೆಸರನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ, ಕೇಳುವವರಿಗೆ ಅದು ಕಿರಿಕಿರಿ.

ಈ ಸಾಲಿನ ಒಂದೊಂದು ಪದವೂ ಸಂದರ್ಶನದಲ್ಲಿ ಪ್ರಶ್ನೆಯಾಗಿ ಎದುರು ಬರುತ್ತದೆ, ಹಾಗಾಗಿ ಉಬ್ಬಿಸಿದ್ದು ಬೇಗ ಬಯಲಾಗುತ್ತದೆ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ‘15 ವರ್ಷದ ಜಿಎಸ್‌ಟಿ ಅನುಭವ’ ಎಂದು ಬರೆದವರನ್ನು ಬಲ್ಲವರು ಓದಿದ ಕೂಡಲೇ ಪಕ್ಕಕ್ಕೆ ಇಡುತ್ತಾರೆ. ಅದಕ್ಕಿಂತ ಅಪಾಯಕಾರಿಯಾದದ್ದು ಸಿಎ ಎಂಬ ಎರಡು ಅಕ್ಷರ. ಇಂಟರ್ ಹಂತ ಮಾತ್ರ ಮುಗಿಸಿದವರು ‘ಸಿಎ ಇಂಟರ್ ಪಾಸ್’ ಎಂದು ಪೂರ್ತಿ ಬರೆಯಬೇಕು. ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಸದಸ್ಯರಲ್ಲದವರು ತಾವು ಸದಸ್ಯರೆಂದು ತೋರಿಸಿಕೊಳ್ಳುವುದು 1949ರ ಕಾಯ್ದೆಯ ಪ್ರಕಾರ ಅಪರಾಧ.

ಸಾಲು ಸರಿಯಾಗಿದೆಯೇ ಎಂದು ತಿಳಿಯಲು ಬರುವ ಕರೆಗಳ ಸಂಖ್ಯೆಗಿಂತ ಅವುಗಳ ಜಾತಿ ನೋಡಬೇಕು. ಡೇಟಾ ಎಂಟ್ರಿ, ಬಿಲ್ಲಿಂಗ್ ಕೆಲಸಕ್ಕೇ ಕರೆಗಳು ಬರುತ್ತಿದ್ದರೆ ಹುದ್ದೆಯ ಹೆಸರು ಕೆಳಗಿನ ಮೆಟ್ಟಿಲಿನದಾಗಿದೆ. ಇಪ್ಪತ್ತು ಜನರ ತಂಡ ನಡೆಸುವ ಫೈನಾನ್ಸ್ ಮ್ಯಾನೇಜರ್ ಕೆಲಸಕ್ಕೆ ಕರೆದು, ಎರಡು ಮಾತಾಡಿ ಫೋನ್ ಇಡುತ್ತಿದ್ದರೆ ಮೇಲಿನ ಮೆಟ್ಟಿಲಿನದಾಗಿದೆ. ಕರೆಯೇ ಬರದಿದ್ದರೆ ಹುಡುಕುವವರ ಪದ ಈ ಸಾಲಿನಲ್ಲಿ ಇಲ್ಲದಿರಬಹುದು, ಆಗ ಮತ್ತೆ ಜಾಹೀರಾತುಗಳನ್ನು ಓದಬೇಕು. ಬದಲಾಯಿಸುವಾಗ ಒಂದು ಸಲಕ್ಕೆ ಒಂದೇ ತುಣುಕು ಬದಲಾಯಿಸಿ ಎರಡು ವಾರವಾದರೂ ಬಿಡುವುದು ಲೇಸು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವ ಪದದಿಂದ ಕರೆ ಬಂತೆಂದು ತಿಳಿಯುವುದಿಲ್ಲ.